ಕೆಪಾಸಿಟರ್ ಹಾಕಿದ್ರೆ ಡಿಜಿ ವೋಲ್ಟೇಜ್ ಏರುತ್ತೆ: ಫೀಲ್ಡ್ ವೈರ್‌ಗೆ ಮೀಟರ್ ಇಟ್ಟು ನೋಡಿದ್ದು

ನಾನು ಮೇಂಟೆನೆನ್ಸ್ ನೋಡ್ಕೊಳ್ತಿದ್ದ ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್‌ನಲ್ಲಿ 125 ಕೆವಿಎ ಡಿಜಿ, ಅಂದ್ರೆ ಡೀಸೆಲ್ ಜನರೇಟರ್ ಇತ್ತು, 415 ವೋಲ್ಟ್, ಫುಲ್ ಲೋಡ್ ಅಂದ್ರೆ 174 ಆಂಪ್. ಒಂದು ಭಾನುವಾರ ರಾತ್ರಿ ಮಶೀನ್ ಎಲ್ಲಾ ಬಂದ್, ಬರೀ ಲೈಟು ಮತ್ತೆ ಆಫೀಸು, ಕರೆಂಟ್ ಹೋಯ್ತು, ಡಿಜಿ ಆನ್ ಆಯ್ತು, ಎರಡೇ ನಿಮಿಷಕ್ಕೆ ಆಪರೇಟರ್ ಫೋನು, "ಸಾರ್ ಲೈಟ್ ಎಲ್ಲಾ ಸಿಕ್ಕಾಪಟ್ಟೆ ಉರೀತಿದೆ, ಮೀಟರ್ 460 ತೋರಿಸ್ತಿದೆ". ನಾನು ಬಂದ್ ಮಾಡು ಅನ್ನೋಷ್ಟರಲ್ಲಿ ಓವರ್ ವೋಲ್ಟೇಜ್ ಟ್ರಿಪ್ ಆಯ್ತು, ಹೋಗೋ ಮುಂಚೆ ಎಂಟು ಎಲ್‌ಇಡಿ ಡ್ರೈವರ್ ತಗೊಂಡೇ ಹೋಯ್ತು.

ಬೆಳಗ್ಗೆ ಎಲ್ಲರೂ ಜನರೇಟರ್ ವೋಲ್ಟೇಜ್ ಹಿಡಿದಿಡೋ ಎವಿಆರ್ ಸತ್ತಿದೆ, ಹೊಸದು ಹಾಕಿ ಅಂದ್ರು. ಆದ್ರೆ ಹಗಲು ಲೋಡ್ ಹಾಕಿದ್ರೆ 415 ಗೆ ಗೂಟ ಹೊಡೆದ ಹಾಗೆ ನಿಂತಿತ್ತು. ಸುಮ್ನೆ ಪ್ಯಾನಲ್ ಎಲ್ಲಾ ನೋಡ್ತಾ ಬಂದಾಗ ಕಂಡಿದ್ದು, ಪವರ್ ಫ್ಯಾಕ್ಟರ್ ಸರಿ ಮಾಡೋಕೆ ಕೆಪಾಸಿಟರ್ ಹಾಕೋ ಎಪಿಎಫ್‌ಸಿ ಪ್ಯಾನಲ್‌ನ ಸೆಲೆಕ್ಟರ್ ಸ್ವಿಚ್ ಮ್ಯಾನುಯಲ್‌ನಲ್ಲಿತ್ತು, 20 ಕೆವಿಎಆರ್‌ನ ಮೂರು ಸ್ಟೆಪ್ಪೂ ಆನ್. ಯಾರೋ ಟೆಸ್ಟ್ ಮಾಡಿ ಹಾಗೇ ಬಿಟ್ಟಿದ್ದಾರೆ. ಕರೆಂಟ್ ಹೋದಾಗ ಕಾಂಟ್ಯಾಕ್ಟರ್ ಬಿಡುತ್ತೆ, ಡಿಜಿ ಸಪ್ಲೈ ಬಂದ ತಕ್ಷಣ ಮತ್ತೆ ಎಳ್ಕೊಳ್ಳುತ್ತೆ. ಅಂದ್ರೆ ಆ ರಾತ್ರಿ ಡಿಜಿ ಮೇಲೆ ನಾಲ್ಕೈದು ಕಿಲೋವ್ಯಾಟ್ ಲೈಟು, ಜೊತೆಗೆ 60 ಕೆವಿಎಆರ್ ಕೆಪಾಸಿಟರ್.

ಇದನ್ನ ಕಣ್ಣಾರೆ ನೋಡ್ಬೇಕು ಅನ್ನಿಸ್ತು. ಎವಿಆರ್ ಇರೋ ಮಶೀನ್‌ನಲ್ಲಿ ಔಟ್‌ಪುಟ್ ವೋಲ್ಟೇಜ್ ನೋಡಿ ಪ್ರಯೋಜನ ಇಲ್ಲ, ಅದು ಯಾವಾಗ್ಲೂ 415 ಅನ್ನುತ್ತೆ. ಆರ್ಮೇಚರ್ ರಿಯಾಕ್ಷನ್, ಅಂದ್ರೆ ಲೋಡ್ ಕರೆಂಟ್‌ನ ಫ್ಲಕ್ಸು ರೋಟರ್ ಫ್ಲಕ್ಸ್‌ಗೆ ಏನು ಮಾಡ್ತಿದೆ ಅನ್ನೋದು ಫೀಲ್ಡ್‌ನಲ್ಲಿ ಗೊತ್ತಾಗುತ್ತೆ. ಅದಕ್ಕೆ ಎವಿಆರ್‌ನಿಂದ ಎಕ್ಸೈಟರ್ ಫೀಲ್ಡ್‌ಗೆ ಹೋಗೋ ಎರಡು ವೈರ್‌ಗೆ ಡಿಸಿ ರೇಂಜ್‌ನಲ್ಲಿ ಮಲ್ಟಿಮೀಟರ್ ಇಟ್ಟೆ. ನೋ ಲೋಡ್‌ನಲ್ಲಿ 11 ವೋಲ್ಟ್.

ಮೊದಲು ಬ್ಯಾರೆಲ್ ಹೀಟರ್ ಮಾತ್ರ ಹಾಕಿಸಿದೆ, 60 ಆಂಪ್, ಯೂನಿಟಿ. ಫೀಲ್ಡ್ 14.5 ಕ್ಕೆ ಹೋಯ್ತು. ಹೀಟರ್ ತೆಗೆದು ಹೈಡ್ರಾಲಿಕ್ ಪಂಪ್ ಮೋಟರ್‌ಗಳನ್ನ ಓಡಿಸಿದೆ, ಅದೂ 60 ಆಂಪ್, ಪವರ್ ಫ್ಯಾಕ್ಟರ್ 0.7 ಲ್ಯಾಗ್. ಫೀಲ್ಡ್ 19. ಹೀಟರ್ ತಗೊಂಡಿದ್ದು 43 ಕಿಲೋವ್ಯಾಟ್, ಮೋಟರ್ 30 ಮಾತ್ರ, ಆದ್ರೂ ಮೋಟರ್‌ಗೇ ಜಾಸ್ತಿ ಫೀಲ್ಡ್ ಬೇಕಾಯ್ತು. ಲ್ಯಾಗಿಂಗ್ ಕರೆಂಟ್‌ನ ಫ್ಲಕ್ಸು ರೋಟರ್ ಫ್ಲಕ್ಸ್‌ಗೆ ಹೆಚ್ಚುಕಮ್ಮಿ ಎದುರಾಗಿ ನಿಂತು ಅದನ್ನ ತಿನ್ನುತ್ತೆ, ಎವಿಆರ್ ಆ ನಷ್ಟ ತುಂಬಬೇಕು. ಯೂನಿಟಿಯಲ್ಲಿ ಜಾಸ್ತಿ ಭಾಗ ಅಡ್ಡಕ್ಕೆ ಬರುತ್ತೆ, ಎದುರಿಗೆ ಬರೋದು ಸ್ವಲ್ಪವೇ, ಆದ್ರಿಂದ ಏರಿಕೆ ಕಮ್ಮಿ.

ಆಮೇಲೆ ಎಲ್ಲಾ ಲೋಡ್ ತೆಗೆದು ಬರೀ ಕೆಪಾಸಿಟರ್‌ನ ಒಂದು ಸ್ಟೆಪ್ ಹಾಕಿದೆ. ಫೀಲ್ಡ್ 11 ರಿಂದ 6.5 ಕ್ಕೆ ಬಿತ್ತು. ಎರಡನೇ ಸ್ಟೆಪ್‌ಗೆ 2. ಔಟ್‌ಪುಟ್ ಇನ್ನೂ 415 ಅಂತಾನೇ ಇದೆ ನೋಡಿ! ಲೀಡಿಂಗ್ ಕರೆಂಟ್ ರೋಟರ್ ಫ್ಲಕ್ಸ್‌ಗೆ ತಾನೇ ಸೇರ್ಕೊಳ್ತಿದೆ, ಎವಿಆರ್ ಕೈ ಬಿಗಿ ಹಿಡೀತಾ ಬರ್ತಿದೆ. ಮೂರನೇ ಸ್ಟೆಪ್ ಹಾಕೋ ಧೈರ್ಯ ಮಾಡ್ಲಿಲ್ಲ. ಒಂದೊಂದು ಸ್ಟೆಪ್‌ಗೆ 4.5 ವೋಲ್ಟ್ ಇಳಿದ್ರೆ 50 ಕೆವಿಎಆರ್ ಹತ್ರ ಸೊನ್ನೆ, ಅದರಾಚೆ ಎವಿಆರ್ ಹತ್ರ ಕಮ್ಮಿ ಮಾಡೋಕೆ ಏನೂ ಉಳಿಯಲ್ಲ, ಫೀಲ್ಡ್‌ಗೆ ಉಲ್ಟಾ ಕರೆಂಟ್ ಕೊಡೋ ಶಕ್ತಿ ಅದಕ್ಕಿಲ್ಲ. ಆಮೇಲೆ ಆರ್ಮೇಚರ್ ತನ್ನನ್ನ ತಾನೇ ಎಕ್ಸೈಟ್ ಮಾಡ್ಕೊಳ್ಳುತ್ತೆ. ವೋಲ್ಟೇಜ್ ಏರಿದ ಹಾಗೆ ಕೆಪಾಸಿಟರ್‌ನ ಕೆವಿಎಆರ್ ಕೂಡ ಸ್ಕ್ವೇರ್‌ನಲ್ಲಿ ಏರುತ್ತೆ, 460 ರಲ್ಲಿ 60 ಹೋಗಿ 74 ಆಗಿರುತ್ತೆ, ಕೋರ್ ಸ್ಯಾಚುರೇಟ್ ಆಗೋವರೆಗೂ ಓಡುತ್ತೆ.

ಡಿಪ್ಲೊಮಾದಲ್ಲಿ ರೆಗ್ಯುಲೇಷನ್, ಅಂದ್ರೆ ಲೋಡ್ ತೆಗೆದ್ರೆ ವೋಲ್ಟೇಜ್ ಎಷ್ಟು ಪರ್ಸೆಂಟ್ ಏರುತ್ತೆ ಅನ್ನೋದು, ಮೈನಸ್ ಬಂದಾಗ ಲೆಕ್ಕ ತಪ್ಪಿದೆ ಅಂತ ಅಳಿಸಿ ಮತ್ತೆ ಮಾಡಿದವನು ನಾನು. ಈಗ ಇದೇ ನಂಬರ್‌ಗಳಿಂದ ನೋಡಿ: ಹೀಟರ್ ಇದ್ದಾಗಿನ 14.5 ಅನ್ನ ಹಾಗೇ ಹಿಡಿದು ಲೋಡ್ ತೆಗೆದ್ರೆ ವೋಲ್ಟೇಜು ಸುಮಾರು 32 ಪರ್ಸೆಂಟ್ ಏರ್ಬೇಕು (14.5 ರಲ್ಲಿ 11 ಕಳೆದು 11 ರಿಂದ ಭಾಗಿಸಿ), ಮೋಟರ್‌ದು 73, ಒಂದು ಸ್ಟೆಪ್ ಕೆಪಾಸಿಟರ್‌ದು ಮೈನಸ್ 41. ಸ್ಯಾಚುರೇಷನ್ ಲೆಕ್ಕಕ್ಕೆ ತಗೊಂಡಿಲ್ಲ, ನಿಜವಾಗಿ ಏರೋದು ಇದಕ್ಕಿಂತ ಕಮ್ಮಿ ಇರುತ್ತೆ, ಆದ್ರೆ ಪ್ಲಸ್ ಮೈನಸ್ ಮಾತ್ರ ಸರಿ.

ಎವಿಆರ್ ಬದಲಾಯಿಸ್ಲಿಲ್ಲ. ಡಿಜಿ ಬ್ರೇಕರ್‌ನ ಆಕ್ಸಿಲರಿ ಎನ್‌ಸಿ ಕಾಂಟ್ಯಾಕ್ಟನ್ನ ಕೆಪಾಸಿಟರ್ ಕಾಂಟ್ಯಾಕ್ಟರ್‌ಗಳ ಕಂಟ್ರೋಲ್ ಸಪ್ಲೈಗೆ ಸೀರೀಸ್ ಹಾಕಿದೆ. ಡಿಜಿ ಮೇಲಿದ್ದಾಗ ಸೆಲೆಕ್ಟರ್ ಆಟೋದಲ್ಲಿರ್ಲಿ ಮ್ಯಾನುಯಲ್‌ನಲ್ಲಿರ್ಲಿ, ಒಂದು ಸ್ಟೆಪ್ಪೂ ಎಳ್ಕೊಳ್ಳಲ್ಲ. ಆದ್ರೆ ಕಾಂಟ್ಯಾಕ್ಟರ್ ವೆಲ್ಡ್ ಆಗಿದ್ರೆ ಈ ಇಂಟರ್‌ಲಾಕ್ ಕೈಲಿ ಏನೂ ಆಗಲ್ಲ, ಅದಕ್ಕೇ ತಿಂಗಳಿಗೊಮ್ಮೆ ಡಿಜಿ ಓಡ್ತಿದ್ದಾಗ ಕೆಪಾಸಿಟರ್ ಲೈನ್‌ಗೆ ಕ್ಲ್ಯಾಂಪ್ ಮೀಟರ್ ಇಟ್ಟು ಸೊನ್ನೆ ಇದೆಯಾ ಅಂತ ನೋಡ್ತೀವಿ.