ಬಿಸಿನೆಸ್ ಇಂಗ್ಲಿಷ್ ಪರೀಕ್ಷೆ: ರಿಪೋರ್ಟಿಗೇ ಜಾಸ್ತಿ ಟೈಮ್ ಕೊಡಿ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಮಷಿನ್ ಶಾಪ್‌ಗಳಲ್ಲಿ ದಿನವಿಡೀ ಇಂಗ್ಲಿಷ್ ಮೇಲ್ ಬರೆಯುವ ಹುಡುಗರು ಕೇಂಬ್ರಿಡ್ಜ್‌ನ ಬಿ2 ಬಿಸಿನೆಸ್ ವ್ಯಾಂಟೇಜ್ ಪರೀಕ್ಷೆಗೆ ಕೂತು ರೈಟಿಂಗ್‌ನಲ್ಲಿ ಎಡವುವುದನ್ನು ಬಹಳ ನೋಡಿದ್ದೇನೆ. ಅವರ ಇಂಗ್ಲಿಷ್ ಕೆಟ್ಟದ್ದಲ್ಲ. ಕೇಳಿದ್ದನ್ನು ಬಿಟ್ಟು ಗೊತ್ತಿದ್ದನ್ನು ಬರೆಯುತ್ತಾರೆ, ಅದೇ ತೊಂದರೆ.

ಮೊದಲ ಹಂತ ಸುಲಭ. ಕೇಂಬ್ರಿಡ್ಜ್ ವೆಬ್‌ಸೈಟ್‌ನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಪುಕ್ಕಟೆ ಸಿಗುತ್ತದೆ, ಇಳಿಸಿಕೊಂಡು ಒಮ್ಮೆ ಪೂರ್ತಿ ಓದಿ. ಐನೂರು ವಾಕ್ಯ ಬಾಯಿಪಾಠ ಮಾಡಿಸುವ ಗೈಡುಗಳಿಗೆ ದುಡ್ಡು ಹಾಕಬೇಡಿ.

ಈಗ ರೈಟಿಂಗ್. ಒಟ್ಟು 45 ನಿಮಿಷ, ಎರಡು ಪ್ರಶ್ನೆ. ಮೊದಲನೆಯದು ಆಫೀಸಿನವರಿಗೆ 40ರಿಂದ 50 ಪದಗಳ ಸಣ್ಣ ಸಂದೇಶ, 15 ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಎರಡನೆಯದು 120ರಿಂದ 140 ಪದಗಳದ್ದು, ಹೆಚ್ಚಾಗಿ ರಿಪೋರ್ಟ್ ಅಥವಾ ಪ್ರಪೋಸಲ್. ಪ್ರಶ್ನೆಯಲ್ಲಿ ಒಂದು ಗ್ರಾಫ್ ಅಥವಾ ಪತ್ರ ಇರುತ್ತದೆ, ಅದರ ಪಕ್ಕದಲ್ಲಿ ಕೈಬರಹದ ಹಾಗೆ ಸಣ್ಣ ಟಿಪ್ಪಣಿಗಳು. ಆ ಟಿಪ್ಪಣಿಗಳೇ ನಿಜವಾದ ಪ್ರಶ್ನೆ! ಒಂದು ಬಿಟ್ಟರೂ ಕಂಟೆಂಟ್ ಅಂಕಕ್ಕೆ ಕತ್ತರಿ ಬೀಳುತ್ತದೆ, ಉಳಿದದ್ದು ಎಷ್ಟೇ ಚೆನ್ನಾಗಿರಲಿ.

ಅಭ್ಯಾಸಕ್ಕೆ ಒಂದು ಪ್ರಶ್ನೆ ನಾನೇ ಕಟ್ಟಿಕೊಡುತ್ತೇನೆ. ಒಂದು ಫೌಂಡ್ರಿಯಲ್ಲಿ ತಡವಾಗಿ ಹೋದ ಆರ್ಡರ್‌ಗಳ ಗ್ರಾಫ್: ಜನವರಿಯಲ್ಲಿ 4, ಮಾರ್ಚ್‌ನಲ್ಲಿ 11, ಜೂನ್‌ನಲ್ಲಿ 3. ಟಿಪ್ಪಣಿಗಳು ಐದು. ಮಾರ್ಚ್‌ನಲ್ಲಿ ಫರ್ನೇಸ್ ರಿಪೇರಿ, ಏಪ್ರಿಲ್‌ನಲ್ಲಿ ಎರಡನೇ ಶಿಫ್ಟ್ ಶುರು, ಮೇನಲ್ಲಿ ಟ್ರಾನ್ಸ್‌ಪೋರ್ಟ್ ಕಂಪನಿ ಬದಲು, ಗುರಿ ತಿಂಗಳಿಗೆ 2, ಮುಂದೆ ಏನು ಮಾಡಬೇಕು ಹೇಳಿ.

ಪೆನ್ನು ಎತ್ತುವ ಮೊದಲು ರಿಪೋರ್ಟನ್ನು ಮೂರು ಭಾಗ ಮಾಡಿ, ಐದು ಟಿಪ್ಪಣಿಗಳಲ್ಲಿ ಯಾವುದು ಎಲ್ಲಿಗೆ ಅಂತ ಗೊತ್ತು ಮಾಡಿಕೊಳ್ಳಿ. ರಿಪೋರ್ಟ್ ಯಾಕೆ ಅನ್ನುವುದಕ್ಕೆ ಒಂದೇ ವಾಕ್ಯ, ಸುಮಾರು 20 ಪದ: ದಿಸ್ ರಿಪೋರ್ಟ್ ಏಮ್ಸ್ ಟು ಎಕ್ಸ್‌ಪ್ಲೇನ್ ದಿ ಲೇಟ್ ಡಿಸ್ಪ್ಯಾಚಸ್ ಬಿಟ್ವೀನ್ ಜನವರಿ ಅಂಡ್ ಜೂನ್ ಅಂಡ್ ಟು ಸಜೆಸ್ಟ್ ಹೌ ವಿ ಕ್ಯಾನ್ ರೀಚ್ ಅವರ್ ಟಾರ್ಗೆಟ್. ಆಮೇಲೆ ಕಂಡದ್ದು, 75 ಪದ. ಇಲ್ಲಿ ಫರ್ನೇಸ್, ಶಿಫ್ಟ್, ಟ್ರಾನ್ಸ್‌ಪೋರ್ಟ್ ಮೂರೂ ಬರಬೇಕು, ಅದೂ ಕಾರಣದ ಜೊತೆಗೆ: ರಿಪೇರಿಯಿಂದ ಏರಿತು, ಎರಡನೇ ಶಿಫ್ಟ್ ಶುರುವಾದ ಮೇಲೆ ಇಳಿಯಿತು ಅಂತ. ಉಳಿದ 35 ಪದ ಗುರಿಗೆ ಮತ್ತು ಸಲಹೆಗೆ. ಜೂನ್‌ನಲ್ಲಿ ಇನ್ನೂ 3 ಇದೆ, ಗುರಿ 2, ಹಾಗಾಗಿ ಫರ್ನೇಸ್ ರಿಪೇರಿಯನ್ನು ಆರ್ಡರ್ ಕಡಿಮೆ ಇರುವ ವಾರಕ್ಕೆ ಇಟ್ಟುಕೊಳ್ಳಬೇಕು ಅಂತ ಬರೆದರೆ ಸಲಹೆ ಗ್ರಾಫಿನಿಂದಲೇ ಹುಟ್ಟಿದ ಹಾಗೆ ಕಾಣುತ್ತದೆ. ಸುಮ್ನೆ ಸ್ಟಾಫ್ ಜಾಸ್ತಿ ಮಾಡಿ ಅಂತ ಬರೆದರೆ ಹಾಗೆ ಕಾಣುವುದಿಲ್ಲ.

ಅಂಕಿ ಬರೆಯುವಾಗ ಹುಷಾರಾಗಿರಿ. 4ರಿಂದ 11ಕ್ಕೆ ಏರಿದ್ದನ್ನು ರೋಸ್ ಬೈ 11 ಅಂತ ಬರೆದರೆ 11 ಹೆಚ್ಚಾಯಿತು, ಅಂದರೆ 15 ಆಯಿತು ಅಂತ ಅರ್ಥ. ಅದು ರೋಸ್ ಟು 11, ಇಲ್ಲವೇ ರೋಸ್ ಬೈ 7. ಓದುವವರು ಗ್ರಾಫ್ ಎದುರಿಗೇ ಇಟ್ಟುಕೊಂಡಿರುತ್ತಾರೆ, ತಪ್ಪು ತಕ್ಷಣ ಕಾಣುತ್ತದೆ. ಇನ್ನೊಂದು, ನಮ್ಮ ಆಫೀಸುಗಳಲ್ಲಿ ಎಲ್ಲೆಲ್ಲೂ ಓಡಾಡುವ ಕೈಂಡ್ಲಿ ಡು ದಿ ನೀಡ್‌ಫುಲ್ ಅನ್ನು ಈ ಪರೀಕ್ಷೆಗೆ ತರಲೇಬೇಡಿ. ಏನು ಮಾಡಬೇಕೋ ಅದನ್ನೇ ನೇರವಾಗಿ ಬರೆಯಿರಿ.

ಫೋನ್ ಭಾಗ ಲಿಸನಿಂಗ್‌ನಲ್ಲಿ ಮೊದಲಿಗೇ ಬರುತ್ತದೆ. ಮೂರು ಕರೆ, ಒಂದೊಂದಕ್ಕೆ ನಾಲ್ಕು ಖಾಲಿ ಜಾಗ, ಎರಡೆರಡು ಸಲ ಕೇಳಿಸುತ್ತಾರೆ. ಬಲೆ ಇರುವುದು ತಿದ್ದುಪಡಿಯಲ್ಲಿ. ಮಾತಾಡುವವರು 13ಕ್ಕೆ ಮೀಟಿಂಗ್ ಅಂದು, ಎರಡು ವಾಕ್ಯ ಬಿಟ್ಟು, ಇಲ್ಲ ಅದು 15ಕ್ಕೆ ಹೋಗಿದೆ ಅನ್ನುತ್ತಾರೆ. ಮೊದಲ ಅಂಕಿ ಕೇಳಿದ ಕೂಡಲೇ ಬರೆದು ಮುಂದಿನ ಜಾಗ ನೋಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಆ ವಿಷಯ ಮುಗಿಯುವವರೆಗೂ ಕೇಳಿ, ಎರಡನೇ ಸಲ ಅದನ್ನೇ ಪರೀಕ್ಷಿಸಿ. ಅಭ್ಯಾಸಕ್ಕೆ ಗೆಳೆಯನಿಗೆ ಫೋನ್ ಹಚ್ಚಿ, ಅವನು ಆರ್ಡರ್ ನಂಬರ್, ಹೆಸರಿನ ಸ್ಪೆಲಿಂಗ್, ತಾರೀಖು ಹೇಳುತ್ತಾ ನಡುವೆ ಒಂದನ್ನು ಬದಲಿಸಲಿ. ಫಿಫ್ಟೀನ್, ಫಿಫ್ಟಿ ಎರಡನ್ನೂ ಬೇಕಂತಲೇ ಸೇರಿಸಲಿ. ಎದುರಿಗೆ ಕೂತು ಮಾಡಬೇಡಿ, ತುಟಿ ನೋಡಿ ಊಹಿಸುತ್ತೀರಿ.

ಕೊನೆಗೆ ಮೀಟಿಂಗ್ ಮಾತು, ಅಂದರೆ ಸ್ಪೀಕಿಂಗ್. ಸಾಮಾನ್ಯವಾಗಿ ಇಬ್ಬರು ಅಭ್ಯರ್ಥಿಗಳು ಒಟ್ಟಿಗೆ ಇರುತ್ತಾರೆ, ಒಬ್ಬ ಪರೀಕ್ಷಕರು ಮಾತಾಡಿಸುತ್ತಾರೆ, ಇನ್ನೊಬ್ಬರು ಸುಮ್ಮನೆ ಕೂತು ಅಂಕ ಹಾಕುತ್ತಾರೆ. ಕೊನೆಯ ಭಾಗದಲ್ಲಿ ನೀವಿಬ್ಬರೇ ಸೇರಿ ಒಂದು ಆಫೀಸ್ ವಿಷಯ ಚರ್ಚಿಸಬೇಕು. ಜೊತೆಗಿರುವವರು ಕಡಿಮೆ ಮಾತಾಡಿದರೆ ನಿಮಗೆ ಲಾಭ ಅಂದುಕೊಳ್ಳಬೇಡಿ. ಎದುರಿನವರ ಮಾತಿಗೆ ನೀವು ಹೇಗೆ ಸ್ಪಂದಿಸುತ್ತೀರಿ ಅನ್ನುವುದಕ್ಕೂ ಅಂಕ ಇದೆ. ಅವರು ಹೇಳಿದ ಒಂದು ವಿಷಯ ಹಿಡಿದು, ಅದಕ್ಕೆ ನಿಮ್ಮ ಮಾತು ಸೇರಿಸಿ, ವಾಟ್ ಡು ಯು ಥಿಂಕ್ ಅಂತ ಮಾತನ್ನು ಅವರಿಗೇ ವಾಪಸ್ ಕೊಡಿ. ಒಪ್ಪದಿದ್ದರೆ ನೋ ಅನ್ನುವ ಬದಲು, ಐ ಸೀ ಯುವರ್ ಪಾಯಿಂಟ್, ಬಟ್ ಅಂತ ಶುರು ಮಾಡಿ ಕಾರಣ ಹೇಳಿ. ಒಬ್ಬರೇ ಕನ್ನಡಿ ಮುಂದೆ ನಿಂತರೆ ಇದು ಬರುವುದಿಲ್ಲ, ಅದೇ ಪರೀಕ್ಷೆ ಕಟ್ಟುತ್ತಿರುವ ಒಬ್ಬರನ್ನು ಹುಡುಕಿಕೊಳ್ಳಿ.