ಶೇ 95 ಅಂದರೆ ಯಾವುದರಲ್ಲಿ 95?

ಫೈಜರ್ ಕೋವಿಡ್ ಲಸಿಕೆ ಕಾಯಿಲೆಯನ್ನು ಶೇ 95ರಷ್ಟು ತಡೆಯಿತು ಅಂತ ಹೇಳಿದ ದೊಡ್ಡ ಪ್ರಯೋಗದ ಪ್ರಬಂಧ ಬಂದದ್ದು 2020ರ ಡಿಸೆಂಬರ್‌ನಲ್ಲಿ. ಅದನ್ನು ಕನ್ನಡಕ್ಕೆ ತರುವಾಗ ನಾನು ನಿಘಂಟು ತೆರೆದದ್ದು ಕೊನೆಗೆ. ಮೊದಲು ಪ್ರತಿ ಪದದ ಹಿಂದೆ ಏನನ್ನು ಎಣಿಸಿದ್ದಾರೆ ಅಂತ ಹುಡುಕಿದೆ.

‘ಎಫಿಕಸಿ’ಯನ್ನೇ ನೋಡಿ. ಇದಕ್ಕೂ ‘ಎಫೆಕ್ಟಿವ್‌ನೆಸ್’ಗೂ ನಾವು ‘ಪರಿಣಾಮಕಾರಿತ್ವ’ ಅಂತಲೇ ಬರೆದುಬಿಡುತ್ತೇವೆ. ಆದರೆ ಮೊದಲನೆಯದು ಪ್ರಯೋಗದೊಳಗಿನ ಲೆಕ್ಕ, ಎರಡನೆಯದು ಪ್ರಯೋಗದ ಹೊರಗೆ, ಊರಲ್ಲಿ ಜನರಿಗೆ ಲಸಿಕೆ ಹಾಕಿದ ಮೇಲೆ ಕಂಡದ್ದು. ಹಾಗಾಗಿ ‘ಪ್ರಯೋಗದಲ್ಲಿ ಕಂಡ ತಡೆ ಪ್ರಮಾಣ’, ‘ಬಳಕೆಯಲ್ಲಿ ಕಂಡ ತಡೆ ಪ್ರಮಾಣ’ ಅಂತ ಬೇರೆ ಮಾಡಿದೆ. ಸ್ವಲ್ಪ ಉದ್ದ, ಆದರೆ ಗೊಂದಲವಿಲ್ಲ. ‘ಪ್ಲಸೀಬೊ’ ಹಾಗೇ ಇರಲಿ ಅಂದುಕೊಂಡೆ. ಮೊದಲ ಸಲ ಬಂದಾಗ ‘ಔಷಧವಿಲ್ಲದ, ಬರೀ ಉಪ್ಪುನೀರಿನ ಚುಚ್ಚುಮದ್ದು’ ಅಂತ ಸೇರಿಸಿದರೆ ಸಾಕು.

ಆಮೇಲೆ ಆ ಶೇ 95. ಲಸಿಕೆ ಪಡೆದವರದ್ದು ಒಂದು ಗುಂಪು, ಪ್ಲಸೀಬೊ ಪಡೆದವರದ್ದು ಇನ್ನೊಂದು; ಒಂದೊಂದರಲ್ಲೂ ಸುಮಾರು 18 ಸಾವಿರ ಜನ. ಎರಡನೇ ಡೋಸ್ ಆಗಿ 7 ದಿನ ಕಳೆದ ಮೇಲೆ ಪ್ಲಸೀಬೊ ಗುಂಪಿನಲ್ಲಿ 162 ಜನಕ್ಕೆ, ಲಸಿಕೆ ಗುಂಪಿನಲ್ಲಿ 8 ಜನಕ್ಕೆ ಕೋವಿಡ್ ಬಂತು. 162ರ ಜಾಗದಲ್ಲಿ 8, ಅಂದರೆ ನೂರಕ್ಕೆ 95ರಷ್ಟು ಕಡಿಮೆ. ಈ ಲೆಕ್ಕವನ್ನು ಹಾಗೇ ಬರೆದು, ಇಂಗ್ಲಿಷ್ ಮೂಲ ನೋಡದ ಗೆಳೆಯರೊಬ್ಬರಿಗೆ ಕೊಟ್ಟೆ. ‘ನೂರು ಜನಕ್ಕೆ ಲಸಿಕೆ ಹಾಕಿದ್ರೆ ಎಷ್ಟು ಜನಕ್ಕೆ ಕಾಯಿಲೆ ಬರುತ್ತೆ?’ ಅಂತ ಕೇಳಿದೆ. ‘ಐದು’ ಅನ್ನೋ ಉತ್ತರ ಬಂದರೆ ಅನುವಾದ ಕೆಟ್ಟಿದೆ ಅಂತಲೇ ಅರ್ಥ. ಅವರು ಹೇಳಿದ್ದು, ‘ಅದನ್ನ ಇದರಿಂದ ಹೇಳೋಕಾಗಲ್ಲ ಅಲ್ವಾ? ಲಸಿಕೆ ಹಾಕದಿದ್ರೆ ಎಷ್ಟು ಜನಕ್ಕೆ ಬರ್ತಿತ್ತು ಅಂತ ಗೊತ್ತಿರಬೇಕು.’ ನನಗೆ ಬೇಕಿದ್ದದ್ದೂ ಅದೇ.

ನಾನು ಜಾಸ್ತಿ ಹೊತ್ತು ನಿಂತದ್ದು ‘ಸೋಂಕು’ ಅನ್ನುವ ಪದದ ಹತ್ತಿರ. ಕೋವಿಡ್ ಕಾಲದಲ್ಲಿ ಅದು ಎಲ್ಲರ ಬಾಯಲ್ಲಿತ್ತು. ಆದರೆ ಈ 8, 162 ಎಣಿಕೆಗೆ ಬಂದವರು ಲಕ್ಷಣ ಕಾಣಿಸಿಕೊಂಡು, ಪರೀಕ್ಷೆಯಲ್ಲಿ ಕೋವಿಡ್ ಅಂತ ಖಚಿತವಾದವರು ಮಾತ್ರ. ವೈರಸ್ ಮೈಗೆ ಹೊಕ್ಕರೂ ಏನೂ ಆಗದೆ ಓಡಾಡಿಕೊಂಡಿದ್ದವರು ಈ ಲೆಕ್ಕದಲ್ಲಿಲ್ಲ. ‘ಸೋಂಕನ್ನು ಶೇ 95ರಷ್ಟು ತಡೆಯಿತು’ ಅಂತ ಬರೆದರೆ ಪ್ರಯೋಗ ಹೇಳದೇ ಇದ್ದದ್ದನ್ನು ನಾವು ಹೇಳಿದ ಹಾಗೆ. ಅದಕ್ಕೇ ಎಲ್ಲ ಕಡೆ ‘ಲಕ್ಷಣ ಕಂಡ ಕಾಯಿಲೆ’ ಅಂತಲೇ ಬರೆದೆ.

ಕೊನೆಗೆ, ಆ ತಡೆ ಪ್ರಮಾಣದ ಜೊತೆ ಪ್ರಬಂಧ ಕೊಟ್ಟಿರುವ ಶೇ 90.3ರಿಂದ 97.6ರವರೆಗಿನ ವ್ಯಾಪ್ತಿ. ‘ನಿಜವಾದ ತಡೆ ಪ್ರಮಾಣ ಈ ವ್ಯಾಪ್ತಿಯಲ್ಲಿರುವ ಸಂಭವ ಶೇ 95’ ಅಂತ ಬರೆದೆ. ಈ ಪ್ರಬಂಧದಲ್ಲಿ ಆ ವಾಕ್ಯ ಸರಿ, ಯಾಕೆಂದರೆ ಅವರು ಕೊಟ್ಟಿರುವುದು ‘ಕ್ರೆಡಿಬಲ್ ಇಂಟರ್ವಲ್’. ಹೆಚ್ಚಿನ ಪ್ರಬಂಧಗಳಲ್ಲಿ ಇರುವುದು ‘ಕಾನ್ಫಿಡೆನ್ಸ್ ಇಂಟರ್ವಲ್’. ಅಲ್ಲಿ ಶೇ 95 ಅನ್ನುವುದು ಲೆಕ್ಕ ಹಾಕುವ ವಿಧಾನಕ್ಕೆ ಸೇರಿದ್ದು: ಅದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರೆ, ಸಿಗುವ ವ್ಯಾಪ್ತಿಗಳಲ್ಲಿ ನೂರಕ್ಕೆ 95ರಷ್ಟು ನಿಜವಾದ ತಡೆ ಪ್ರಮಾಣವನ್ನು ಒಳಗೊಂಡಿರುತ್ತವೆ. ಆಗ ಮೇಲಿನ ಸುಲಭ ವಾಕ್ಯ ಬಳಸುವ ಹಾಗಿಲ್ಲ. ಎರಡಕ್ಕೂ ‘ವಿಶ್ವಾಸಾರ್ಹ ಅಂತರ’ ಅಂತ ಬರೆದರೆ ಓದುಗರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.