ಬಣ್ಣ ನೋಡಿ ದೋಸೆ ಸೋತೆ, ಸಿಂಹ ನೋಡಿ ಗೆದ್ದೆ

ಚಿತ್ರದುರ್ಗದಲ್ಲಿ ಲಾಡ್ಜ್ ಕೌಂಟರ್ ನೋಡಿಕೊಳ್ಳುವವನು ನಾನು. ಕೋಟೆ ನೋಡಿ ಹಂಪಿಗೆ ಹೋಗುವ ವಿದೇಶಿಯರು ತಿಂಗಳಿಗೆ ನಾಲ್ಕೈದು ಮಂದಿ ಬರುತ್ತಾರೆ. ವಿದೇಶಿ ಅತಿಥಿಗಳ ವಿವರ ಸರ್ಕಾರಕ್ಕೆ ಕೊಡುವ ಫಾರ್ಮ್ ಸಿ ತುಂಬುವ ರಗಳೆ ಗೊತ್ತಿದ್ದವರಿಗೆ ಹೊಸದಾಗಿ ಹೇಳಬೇಕಿಲ್ಲ. ನಮ್ಮ ಆಟ ಅದಕ್ಕೂ ಮುಂಚಿನದು. ಪಾಸ್‌ಪೋರ್ಟ್ ಕೈಗೆ ಬಂದಾಗ ಹೊದಿಕೆಯ ಅಕ್ಷರಗಳನ್ನು ಕಾಗದದ ಪಟ್ಟಿಯಿಂದ ಮುಚ್ಚಬೇಕು. ಬಣ್ಣ, ಲಾಂಛನ, ಒಳಗೆ ಎಲೆಕ್ಟ್ರಾನಿಕ್ ಚಿಪ್ ಇದೆ ಅಂತ ತೋರಿಸುವ ಕೆಳಗಿನ ಚಿಪ್ ಗುರುತು ಇಷ್ಟನ್ನೇ ನೋಡಿ ದೇಶ ಹೇಳಬೇಕು. ಸೋತವನು ಬೆಣ್ಣೆ ದೋಸೆ ಕೊಡಿಸಬೇಕು.

"ಇದೆಲ್ಲಾ ಲಾಟರಿ ಕಣಪ್ಪಾ" ಅಂತ ಸಾಹುಕಾರರು ನಗುತ್ತಿದ್ದರು. ಮೊದಲ ಆರು ತಿಂಗಳು ಅವರು ಹೇಳಿದ್ದೇ ನಿಜವಾಗಿತ್ತು. ಬಣ್ಣವನ್ನೇ ನಂಬಿಕೊಂಡಿದ್ದೆ, ಇಪ್ಪತ್ತರಲ್ಲಿ ಆರೋ ಏಳೋ ಸರಿ ಬರುತ್ತಿತ್ತು. ಕಡುಗೆಂಪು ಅಂದರೆ ಯುರೋಪ್ ಅಂತ ಇಟ್ಟುಕೊಂಡಿದ್ದವನಿಗೆ ಕ್ರೊಯೇಷಿಯಾದ ಕಡುನೀಲಿ ಬಂದು ಹೊಡೆಯಿತು. ಲಾಂಛನದಲ್ಲಿ ಚದುರಂಗದ ಮನೆಗಳಂಥ ಗುರಾಣಿ ಕಣ್ಣೆದುರೇ ಇತ್ತು, ನಾನು ನೋಡಲೇ ಇಲ್ಲ.

ಅಭ್ಯಾಸಕ್ಕೆ ಹೊದಿಕೆಗಳ ಚಿತ್ರ ಕಲರ್ ಪ್ರಿಂಟ್ ಹಾಕಿಸಿದೆ. ಹಾಳೆಗೆ ಇಪ್ಪತ್ತು ರೂಪಾಯಿಯಂತೆ ಸುಮಾರು ಸಾವಿರದ ಇನ್ನೂರು ಹೋಯಿತು. ದುಡ್ಡು ದಂಡ. ಪ್ರಿಂಟಿನಲ್ಲಿ ಕಡುಗೆಂಪು ಕಾಫಿ ಬಣ್ಣಕ್ಕೆ ತಿರುಗಿತ್ತು, ಹಸಿರು ಕಪ್ಪಾಗಿತ್ತು. ಕೌಂಟರಿನ ಬಲ್ಬ್ ಕೆಳಗೂ ಇದೇ ಕಥೆ. ಈಗ ನನ್ನ ನೀಲಿ ಪಾಸ್‌ಪೋರ್ಟನ್ನೇ ಪಕ್ಕಕ್ಕಿಟ್ಟು ಹೋಲಿಸುತ್ತೇನೆ. ಅದರ ಬಣ್ಣ ನನಗೆ ಗೊತ್ತಿರುವುದರಿಂದ ದೀಪ ಎಷ್ಟು ಮೋಸ ಮಾಡುತ್ತಿದೆ ಅನ್ನುವುದು ತಿಳಿಯುತ್ತದೆ.

ನನ್ನ ದಾರಿ ಬದಲಾದದ್ದು ಒಂದು ಕಡುನೀಲಿ ಪುಸ್ತಕದಿಂದ. ಎಡಕ್ಕೆ ಸಿಂಹ, ಬಲಕ್ಕೆ ಒಂಟಿ ಕೊಂಬಿನ ಕುದುರೆ, ಕೆಳಗೆ ಚಿಪ್ ಗುರುತು. "ಬ್ರಿಟನ್" ಅಂದೆ. ತೆರೆದರೆ ಕೆನಡಾ. ಎರಡು ವಾರ ಬಿಟ್ಟು ಅಂಥದ್ದೇ ಇನ್ನೊಂದು ಬಂತು, ಹುಷಾರಾಗಿ "ಕೆನಡಾ" ಅಂದೆ. ಬ್ರಿಟನ್. ನೈಟ್ ಡ್ಯೂಟಿ ಹುಡುಗ ಎರಡು ದಿನವೂ ನನ್ನ ದುಡ್ಡಲ್ಲೇ ತಿಂದ.

ಬ್ರಿಟನ್ 2020ರಲ್ಲಿ ಕಡುಗೆಂಪು ಬಿಟ್ಟು ನೀಲಿಗೆ ಹೋದ ಮೇಲೆ ಈ ಗೊಂದಲ ಹುಟ್ಟಿದ್ದು. ಹಳೆಯ ಕೆಂಪು ಪುಸ್ತಕಗಳೂ ಅವಧಿ ಮುಗಿಯುವವರೆಗೆ ಓಡಾಡುತ್ತಿರುತ್ತವೆ, ಅದರಿಂದ ಬಣ್ಣ ಇಲ್ಲಿ ಕೆಲಸಕ್ಕೆ ಬಾರದು. ಪ್ರಾಣಿಗಳೂ ಅವೇ. ನೋಡಬೇಕಾದದ್ದು ಅವುಗಳ ಕೈ. ಕೆನಡಾದಲ್ಲಿ ಸಿಂಹವೂ ಕುದುರೆಯೂ ಒಂದೊಂದು ಬಾವುಟದ ಕೋಲು ಹಿಡಿದಿರುತ್ತವೆ, ಹಾಗಾಗಿ ಲಾಂಛನದ ಎರಡೂ ಪಕ್ಕ ಕೋಲು ಮೇಲೆದ್ದಿರುತ್ತದೆ. ಗುರಾಣಿಯ ತಳದಲ್ಲಿ ಮೂರು ಮೇಪಲ್ ಎಲೆ. ಬ್ರಿಟನ್ನಿನ ಪ್ರಾಣಿಗಳ ಕೈಯಲ್ಲಿ ಬಾವುಟವಿಲ್ಲ. ಎಲೆ ಹುಡುಕಲು ಕನ್ನಡಕ ಬೇಕು, ಕೋಲು ಮಾತ್ರ ಮಾರು ದೂರದಿಂದಲೇ ಕಾಣುತ್ತದೆ.

ಚಿಪ್ ಗುರುತಿಗೆ ನಾವು "ಬಿಲ್ಲೆ" ಅನ್ನುತ್ತೇವೆ. ಅಡ್ಡ ಗೆರೆಯ ನಡುವೆ ದುಂಡು ಇರುವುದರಿಂದ ಥೇಟ್ ಬೆಲ್ಟಿನ ಬಿಲ್ಲೆ. ನೂರಕ್ಕೂ ಹೆಚ್ಚು ದೇಶಗಳು ಹಾಕುತ್ತವೆ, ಅದು ಇದೆ ಅನ್ನುವುದರಿಂದ ದೇಶ ತಿಳಿಯದು. ಇಲ್ಲದಿದ್ದಾಗಲೇ ಅದು ಮಾತಾಡುವುದು. ಕೆನಡಾ 2013ರಿಂದ ಚಿಪ್ ಪುಸ್ತಕ ಕೊಡುತ್ತಿದೆ. ಬಿಲ್ಲೆಯಿಲ್ಲದ ಸಿಂಹ-ಕುದುರೆಯ ನೀಲಿ ಪುಸ್ತಕ ಈಗ ಕೌಂಟರಿಗೆ ಬಂದರೆ ದೇಶ ಆಮೇಲೆ ಹೇಳಿ, ಮೊದಲು ಅವಧಿ ನೋಡಿ. ನಮ್ಮದೇ ಪುಸ್ತಕಕ್ಕೆ ಈ ಲೆಕ್ಕ ನಡೆಯದು, ಚಿಪ್ ತಡವಾಗಿ ಬಂದದ್ದರಿಂದ ಬಿಲ್ಲೆಯಿಲ್ಲದವು ಇನ್ನೂ ಚಾಲ್ತಿಯಲ್ಲಿವೆ. ಬಿಲ್ಲೆಯ ಜಾಗ ನೋಡಿ ಹೇಳುವ ಇನ್ನೊಂದು ಉಪಾಯವಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ದೋಸೆ ಪ್ರಶ್ನೆ.

ಚಿನ್ನದ ಬಣ್ಣ ಸವೆದು ಹೋಗಿದ್ದರೆ? ನನ್ನ ಅವಧಿ ಮುಗಿದ ಪುಸ್ತಕದ ಮೇಲೆ ತೆಳು ಕಾಗದ ಹಾಸಿ ಪೆನ್ಸಿಲ್ ಉಜ್ಜಿ ನೋಡಿದೆ. ಸಿಂಹಗಳು ಮೂಡಿ ಬಂದವು, ಮೂರನೆಯದರ ಮೂಗು ಸಮೇತ. ಗಿರಾಕಿಯ ಪುಸ್ತಕಕ್ಕೆ ಹಾಗೆ ಮಾಡುವಂತಿಲ್ಲ. ಮೊಬೈಲ್ ಟಾರ್ಚನ್ನು ಹೊದಿಕೆಗೆ ಸಮನಾಗಿ ಮಲಗಿಸಿ ಹಿಡಿದರೆ ಸಾಕು, ಅಚ್ಚು ಒತ್ತಿದ ಗೆರೆ ನೆರಳಾಗಿ ಕಾಣುತ್ತದೆ.

ಹಾಗೆ ಹಿಡಿದೇ ಮೊನ್ನೆ ಒಂದು ಸವೆದ ಪುಸ್ತಕದಲ್ಲಿ ಗರುಡನನ್ನು ಕಂಡೆ. ಗಂಡಭೇರುಂಡ ನೋಡಿ ಬೆಳೆದ ನಮಗೆ ಹಕ್ಕಿ ಅಂದರೆ ಸಲೀಸು. ಆದರೆ ಥಾಯ್ಲೆಂಡಿಗೂ ಗರುಡನೇ, ಇಂಡೋನೇಷ್ಯಾಕ್ಕೂ ಗರುಡನೇ. ಎದೆಯ ಮೇಲೆ ಗುರಾಣಿ ಇರಲಿಲ್ಲ, ಮನುಷ್ಯನ ಹಾಗೆ ತೋಳು ಎತ್ತಿದ್ದ. "ಥಾಯ್ಲೆಂಡ್" ಅಂದೆ. ಸಾಹುಕಾರರು ತೆರೆದು ನೋಡಿ, ಮಾತಾಡದೆ ನೂರರ ನೋಟು ಕೌಂಟರ್ ಮೇಲಿಟ್ಟರು. ಈಗ ಇಪ್ಪತ್ತಕ್ಕೆ ಹದಿನಾರು ಹದಿನೇಳು ಹೇಳುತ್ತೇನೆ. ಪ್ರಿಂಟಿನ ಸಾವಿರದ ಇನ್ನೂರು ಇನ್ನೂ ಪೂರ್ತಿ ವಾಪಸ್ ಬಂದಿಲ್ಲ.